378 ಪಾಯಿಂಟ್, ನಾಲ್ಕು ನಿಮಿಷ, ಹನ್ನೊಂದು ಹೆಸರು

ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಒಂದು ಪದ್ಧತಿ ಇದೆ. ಆ ವರ್ಷ ಚೆನ್ನಾಗಿ ಆಡಿದ ಒಂದು ತಂಡದ ಕ್ಯಾಪ್ಟನ್ ವೇದಿಕೆಗೆ ಬಂದು ತಂಡದವರಿಗೆ ಧನ್ಯವಾದ ಹೇಳಬೇಕು. ಬಹುಮಾನ ವಿತರಣೆ ಮುಗಿದ ಮೇಲೆ, ಯಕ್ಷಗಾನ ಶುರುವಾಗುವ ಮೊದಲು. ಸಮಯ ನಾಲ್ಕು ನಿಮಿಷ. ಈ ಸಲ ಆ ಸರದಿ ಹುಡುಗಿಯರ ಕಬಡ್ಡಿ ತಂಡಕ್ಕೆ ಬಂತು. ಕ್ಯಾಪ್ಟನ್ ನಾನು.

ಸಾಮಾನ್ಯವಾಗಿ ಈ ಭಾಷಣ ಹೇಗಿರುತ್ತದೆ ಅಂತ ಮಂಗಳೂರಿನಲ್ಲಿ ಓದಿದ ಎಲ್ಲರಿಗೂ ಗೊತ್ತು. ಆಡಳಿತ ಮಂಡಳಿಗೆ ಧನ್ಯವಾದ, ಪ್ರಾಂಶುಪಾಲರಿಗೆ ಧನ್ಯವಾದ, ಕ್ರೀಡೆ ನೋಡಿಕೊಳ್ಳುವ ಪಿಡಿ ಸರ್‌ಗೆ ಧನ್ಯವಾದ, ಕೊನೆಗೆ ಉಸಿರು ಸಾಲದೆ "ಮತ್ತು ನನ್ನ ತಂಡದ ಎಲ್ಲ ಗೆಳತಿಯರಿಗೂ". ಗೆಳತಿಯರು ಕೆಳಗೆ ಕೂತು ಮೊಬೈಲ್ ನೋಡುತ್ತಿರುತ್ತಾರೆ. ನನಗೆ ಅದು ಬೇಡವಾಗಿತ್ತು. ಒಬ್ಬೊಬ್ಬರೂ ಏನು ಮಾಡಿದರು ಅಂತ ಹೇಳಬೇಕಿತ್ತು. ಹೇಳಲಿಕ್ಕೆ ಬೇಕಾದದ್ದು ನಮ್ಮ ಹತ್ತಿರ ಇತ್ತು, ಒಂದು ದಪ್ಪ ನೋಟ್‌ಬುಕ್.

ಆ ನೋಟ್‌ಬುಕ್ ಹೇಗೆ ಬಂತು ಅಂತ ಮೊದಲು ಹೇಳುತ್ತೇನೆ. ಪಂದ್ಯಾವಳಿಯ ಸ್ಕೋರ್ ಶೀಟ್ ನೋಡಿದರೆ ಎರಡೂ ತಂಡದ ಮೊತ್ತ ಗೊತ್ತಾಗುತ್ತದೆ, ಲೋನಾ, ಅಂದರೆ ಒಂದು ತಂಡದ ಎಲ್ಲರೂ ಔಟ್ ಆದದ್ದು, ಎಲ್ಲಿ ಬಿತ್ತು ಅಂತ ಗೊತ್ತಾಗುತ್ತದೆ. ಯಾರು ಎಷ್ಟು ರೈಡ್ ಹೋದರು, ಯಾರು ಯಾರ ಕಾಲು ಹಿಡಿದರು ಎನ್ನುವ ಲೆಕ್ಕ ನಾವೇ ಇಟ್ಟುಕೊಳ್ಳಬೇಕು. ಸೀಸನ್ ಶುರುವಾಗುವ ಮೊದಲೇ ನಮ್ಮ ಒಬ್ಬ ಆಟಗಾರ್ತಿಗೆ ಮಂಡಿಯ ಗಾಯವಾಗಿತ್ತು. ಆಡುವ ಹಾಗಿಲ್ಲ, ಮನೆಯಲ್ಲಿ ಕೂರುವ ಮನಸ್ಸೂ ಇಲ್ಲ. ಪಿಡಿ ಸರ್ ಅವಳ ಕೈಗೆ ಒಂದು ಇನ್ನೂರು ಪೇಜಿನ ಪುಸ್ತಕ ಕೊಟ್ಟು "ಬೆಂಚಲ್ಲಿ ಕೂತು ಬರಿ" ಅಂದರು. ಒಂದು ರೈಡ್‌ಗೆ ಒಂದು ಸಾಲು. ರೈಡರ್‌ನ ಜರ್ಸಿ ನಂಬರ್, ಎದುರು ಎಷ್ಟು ಜನ ಇದ್ದರು, ಏನಾಯಿತು, ಹಿಡಿದದ್ದು ಯಾರು. ಇಷ್ಟೇ. ರೈಡ್‌ಗೆ ಇರುವುದು 30 ಸೆಕೆಂಡ್. ಅಷ್ಟರಲ್ಲಿ ಹಿಂದಿನ ಸಾಲು ಬರೆದು ಮುಗಿಸಿ ತಲೆ ಎತ್ತಿರಬೇಕು.

ಸೀಸನ್ ಮುಗಿಯುವಾಗ 14 ಪಂದ್ಯ ಆಗಿತ್ತು. ಒಂಬತ್ತು ಗೆಲುವು, ಐದು ಸೋಲು.

ನಾನು ಮಾಡಿದ ಮೊದಲ ಕೆಲಸ ಭಾಷಣ ಬರೆಯುವುದಲ್ಲ, ಕೂಡುವುದು. ನೋಟ್‌ಬುಕ್ಕಿನ ಎಲ್ಲ ಪಾಯಿಂಟ್ ಕೂಡಿದರೆ 381 ಬಂತು. ಅಧಿಕೃತ ಸ್ಕೋರ್ ಶೀಟ್‌ಗಳ ಫೋಟೋ ಪಿಡಿ ಸರ್ ಮೊಬೈಲಿನಲ್ಲಿ ಇತ್ತು. ಅದನ್ನು ಕೂಡಿದರೆ 378. ಮೂರು ಪಾಯಿಂಟ್ ಜಾಸ್ತಿ. ಮೂರು ತಾನೆ, ಬಿಡು ಅನ್ನಬಹುದು. ಆದರೆ ಆ ಮೂರು ಯಾರ ಹೆಸರಿನಲ್ಲಿ ಸೇರಿದೆ ಅಂತ ಗೊತ್ತಿಲ್ಲದೆ ವೇದಿಕೆಯಲ್ಲಿ ಒಬ್ಬಳ ಅಂಕಿ ಹೇಳುವುದು ಸರಿಯಲ್ಲ. ನಾನೂ ನೋಟ್‌ಬುಕ್ ಬರೆದವಳೂ ಕೂತು ಪಂದ್ಯ ಪಂದ್ಯವಾಗಿ ಹೋಲಿಸಿದೆವು. ಸಿಕ್ಕಿತು. ಮೂರೂ ಬೋನಸ್. ರೈಡರ್ ಬೋನಸ್ ಗೆರೆ ದಾಟಿದ್ದು ನಿಜ, ಆದರೆ ಆಗ ಎದುರು ಐದೇ ಜನ ಇದ್ದರು. ಅಂಕಣದಲ್ಲಿ ಆರು ಅಥವಾ ಏಳು ಜನ ಡಿಫೆಂಡರ್ ಇದ್ದರೆ ಮಾತ್ರ ಬೋನಸ್ ಸಿಗುವುದು. "ಎಷ್ಟು ಜನ ಇದ್ದರು" ಎನ್ನುವ ಕಾಲಮ್ ಇದ್ದದ್ದರಿಂದ ಐದೇ ನಿಮಿಷದಲ್ಲಿ ಪತ್ತೆಯಾಯಿತು. ಆ ಕಾಲಮ್ ಇಲ್ಲದಿದ್ದರೆ ಇಡೀ ರಾತ್ರಿ ಹೋಗುತ್ತಿತ್ತು.

ಈಗ ಲೆಕ್ಕ ಸರಿಯಾಯಿತು. 378ರಲ್ಲಿ ರೈಡಿನಿಂದ ಬಂದದ್ದು 214, ಹಿಡಿತದಿಂದ 112. ಉಳಿದದ್ದು ಲೋನಾದ್ದು ಮತ್ತು ಎದುರಾಳಿಗಳ ತಪ್ಪಿನಿಂದ ಬಂದದ್ದು. ನಮ್ಮ ಮೇನ್ ರೈಡರ್ ಒಬ್ಬಳೇ 131 ತಂದಿದ್ದಾಳೆ. ಎಡ ತುದಿಯಲ್ಲಿ ನಿಂತು ರೈಡರನ್ನು ಹಿಡಿಯುವ ಲೆಫ್ಟ್ ಕಾರ್ನರ್ ಒಬ್ಬಳೇ 41 ಹಿಡಿತದ ಪಾಯಿಂಟ್. (ಹೆಸರು ಬರೆಯುವುದಿಲ್ಲ, ಹುಡುಗಿಯರಿಗೆ ಮುಜುಗರ ಬೇಡ. ಆಡುವ ಜಾಗದಿಂದಲೇ ಕರೆಯುತ್ತೇನೆ.)

ಇಲ್ಲಿಗೆ ಬಂದಾಗ ನನಗೆ ಒಂದು ವಿಷಯ ಹೊಳೆಯಿತು. ಈ ಎರಡು ಅಂಕಿ ನಾನು ಹೇಳುವ ಅಗತ್ಯವೇ ಇಲ್ಲ. ವಾರ್ಷಿಕ ವರದಿಯಲ್ಲಿ ಪ್ರಾಂಶುಪಾಲರು ಹೇಳುತ್ತಾರೆ. ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಟ್ರೋಫಿ ಕೊಡುವಾಗ ನಿರೂಪಕರು ಇನ್ನೊಂದು ಸಲ ಹೇಳುತ್ತಾರೆ. ಮೂರನೇ ಸಲ ನಾನು ಹೇಳಿದರೆ ಯಾರಿಗೆ ಏನು ಸಿಕ್ಕಿತು? ನನ್ನ ನಾಲ್ಕು ನಿಮಿಷ ಬೇರೆಯವರಿಗೆ ಬೇಕು. ಪಾಯಿಂಟ್ ಪಟ್ಟಿಯಲ್ಲಿ ಕೆಳಗೆ ಇರುವವರಿಗೆ, ಅಥವಾ ಪಟ್ಟಿಯಲ್ಲೇ ಇಲ್ಲದವರಿಗೆ.

ನಮ್ಮ ಸೆಕೆಂಡ್ ರೈಡರ್‌ನಿಂದ ಶುರು ಮಾಡಿದೆ. ಅವಳ ಸಾಲು ಹೀಗಿತ್ತು: 160 ರೈಡ್. ಪಾಯಿಂಟ್ ತಂದದ್ದು 47 ಸಲ. ಔಟ್ ಆದದ್ದು 17 ಸಲ. ಉಳಿದ 96 ಖಾಲಿ ರೈಡ್.

ಕಬಡ್ಡಿ ಆಡದವರು ಇದನ್ನು ನೋಡಿದರೆ ಏನು ಹೇಳುತ್ತಾರೆ? ಅರ್ಧಕ್ಕಿಂತ ಹೆಚ್ಚು ಸಲ ಸುಮ್ನೆ ಹೋಗಿ ಬಂದಿದ್ದಾಳೆ ಅಂತ. ಆದರೆ ನಾವು ಅವಳನ್ನು ಕಳಿಸುತ್ತಿದ್ದದ್ದೇ ಅದಕ್ಕೆ. ನಾವು ನಾಲ್ಕು ಪಾಯಿಂಟ್ ಮುಂದಿದ್ದೇವೆ, ಆಟ ಮುಗಿಯಲಿಕ್ಕೆ ಮೂರು ನಿಮಿಷ ಇದೆ ಅಂದರೆ ಅವಳ ಕೆಲಸ ಒಳಗೆ ಹೋಗಿ, ರೈಡರ್ ದಾಟಲೇಬೇಕಾದ ಬಾಕ್ ಲೈನ್ ದಾಟಿ, ಸಮಯ ತಿಂದು, ಯಾರ ಕೈಗೂ ಸಿಗದೆ ವಾಪಸ್ ಬರುವುದು. ಹುಡುಗಿಯರ ಪಂದ್ಯದಲ್ಲಿ ಒಂದು ಅವಧಿಗೆ ಇರುವುದು 15 ನಿಮಿಷ. ಅದರಲ್ಲಿ ಮೂವತ್ತು ಸೆಕೆಂಡ್ ಅಂದರೆ ಸಣ್ಣದಲ್ಲ. ಇನ್ನೊಂದು, ಮೇನ್ ರೈಡರ್ ಔಟ್ ಆಗಿ ಹೊರಗೆ ಕೂತಿರುವಾಗ ಇವಳೂ ಔಟ್ ಆದರೆ ಲೋನಾ ಬೀಳುವ ಭಯ. ಆಗಲೂ ಖಾಲಿ ಬರುವುದೇ ಒಳ್ಳೆಯದು. ಹಾಗಂತ ಪ್ರತಿ ಸಲ ಖಾಲಿ ಬರಲಿಕ್ಕೂ ಆಗುವುದಿಲ್ಲ. ತಂಡದ ಎರಡು ರೈಡ್ ಸಾಲಾಗಿ ಖಾಲಿಯಾದರೆ ಮೂರನೆಯದು ಡೂ ಆರ್ ಡೈ. ಅದರಲ್ಲಿ ಪಾಯಿಂಟ್ ಬರದಿದ್ದರೆ ರೈಡರ್ ಔಟ್. ಎಲ್ಲಿ ಖಾಲಿ ಬರಬೇಕು, ಎಲ್ಲಿ ಬರಬಾರದು ಅಂತ ಎಣಿಸಿಕೊಂಡು ಆಡಬೇಕು.

ಇಷ್ಟನ್ನೆಲ್ಲ ವೇದಿಕೆಯಲ್ಲಿ ವಿವರಿಸಲಿಕ್ಕೆ ಆಗುತ್ತದಾ? ಆಗುವುದಿಲ್ಲ. 160, 47, 17, 96 ಅಂತ ನಾಲ್ಕು ಅಂಕಿ ಹೇಳಿದರೆ ಕೇಳುವವರಿಗೆ ಕೊನೆಯ 96 ಮಾತ್ರ ಉಳಿಯುತ್ತದೆ, ಅದೂ ತಪ್ಪಾಗಿ. ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿದೆ. ಅವಳ ಕೆಲಸ ಪಾಯಿಂಟ್ ತರುವುದಲ್ಲ, ವಾಪಸ್ ಬರುವುದು. ಹಾಗಾದರೆ ಎಷ್ಟು ಸಲ ವಾಪಸ್ ಬಂದಳು? 47 ಮತ್ತು 96 ಕೂಡಿದರೆ 143. ನೂರ ಅರವತ್ತರಲ್ಲಿ ನೂರ ನಲವತ್ತಮೂರು, ಅಂದರೆ ಹತ್ತು ಸಲ ಹೋದರೆ ಸುಮಾರು ಒಂಬತ್ತು ಸಲ. ಇದು ಹೇಳುವ ಹಾಗಿದೆ, ಅಲ್ವಾ?

ಅವಳ ಒಪ್ಪಿಗೆ ಕೇಳಲಿಕ್ಕೆ ಹೋದೆ. ಯಾರ ಅಂಕಿ ಹೇಳುವುದಾದರೂ ಮೊದಲು ಅವರನ್ನು ಕೇಳುವುದು ಅಂತ ಮೊದಲೇ ನಿರ್ಧರಿಸಿದ್ದೆ. ಅವಳು ಕಾಗದ ನೋಡಿದಳು.

"ಅಕ್ಕ, ಖಾಲಿ ಅನ್ನುವ ಮಾತು ಒಂದು ಹೇಳ್ಬೇಡಿ. ಅಮ್ಮ ಬರ್ತಾರೆ."

"ಅದು ಇಲ್ಲವೇ ಇಲ್ಲ ಮಾರಾಯ್ತಿ. ಹತ್ತರಲ್ಲಿ ಒಂಬತ್ತು ಅಂತ ಮಾತ್ರ."

"ಒಂಬತ್ತು ಆಯ್ತಾ ನಿಜವಾಗಿ?"

ಅವಳಿಗೇ ಗೊತ್ತಿರಲಿಲ್ಲ. ಸೀಸನ್ ಇಡೀ ಅವಳು ಎಣಿಸಿದ್ದು ತಾನು ಔಟ್ ಆದ ಹದಿನೇಳು ಸಲವನ್ನು ಮಾತ್ರ.

ಎರಡನೆಯವಳು ಲೆಫ್ಟ್ ಕವರ್, ಕಾರ್ನರ್‌ನ ಒಳಬದಿಯಲ್ಲಿ ನಿಲ್ಲುವವಳು. ಅವಳ ಹೆಸರಿನಲ್ಲಿ ಇದ್ದದ್ದು 12 ಹಿಡಿತದ ಪಾಯಿಂಟ್. 41ರ ಪಕ್ಕದಲ್ಲಿ 12 ಇಟ್ಟರೆ ಹೇಗೆ ಕಾಣುತ್ತದೆ ನೋಡಿ. ಆದರೆ ನಾನು ರೈಟ್ ಕಾರ್ನರ್‌ನಲ್ಲಿ ನಿಂತು ಸೀಸನ್ ಇಡೀ ನೋಡಿದ್ದು ಬೇರೆ. ಲೆಫ್ಟ್ ಕಾರ್ನರ್ ಆಂಕಲ್ ಹೋಲ್ಡ್‌ಗೆ ನೆಲಕ್ಕೆ ಬೀಳುತ್ತಾಳೆ. ಕಾಲು ಕೈಗೆ ಸಿಗುತ್ತದೆ. ಅಷ್ಟಕ್ಕೇ ರೈಡರ್ ನಿಲ್ಲುವುದಿಲ್ಲ. ಒಂದು ಕಾಲು ಸಿಕ್ಕಿಬಿದ್ದರೂ ಇಡೀ ಮೈಯನ್ನು ಮಧ್ಯದ ಗೆರೆ ಕಡೆ ಎಸೆಯುತ್ತಾಳೆ. ಬೆರಳ ತುದಿ ಗೆರೆ ದಾಟಿದರೆ ಸಾಕು, ಹಿಡಿದವಳೇ ಔಟ್. ಆ ಅರ್ಧ ಸೆಕೆಂಡಿನಲ್ಲಿ ಯಾರಾದರೂ ಬಂದು ಸೊಂಟಕ್ಕೆ ಕೈ ಹಾಕಬೇಕು. ಲೆಫ್ಟ್ ಕವರ್ ಬರುತ್ತಿದ್ದಳು. ಪಾಯಿಂಟ್ ಬರೆಯುವಾಗ ಮೊದಲು ಹಿಡಿದವಳ ನಂಬರ್ ಬರೆಯುತ್ತೇವೆ. ಎರಡನೇ ಕೈಗೆ ಕಾಲಮ್ ಇಲ್ಲ.

ಇದನ್ನು ಎಣಿಸಬೇಕಾದರೆ ವಿಡಿಯೋ ಬೇಕು. ಎಂಟು ಪಂದ್ಯಗಳದ್ದು ಯಾರ್ಯಾರದೋ ಮೊಬೈಲಿನಲ್ಲಿ ಸಿಕ್ಕಿತು. ಉಳಿದ ಆರರದ್ದು ಇಲ್ಲ, ಅಥವಾ ಇದ್ದರೂ ಗಲಾಟೆಯಲ್ಲಿ ಮುಂದೆ ನಿಂತವರ ತಲೆ ಮಾತ್ರ ಕಾಣುತ್ತದೆ. ಎಣಿಸುವ ಮೊದಲು ಒಂದು ನಿಯಮ ಮಾಡಿಕೊಂಡೆ. ಕಾರ್ನರ್ ಕಾಲು ಹಿಡಿದ ಮೇಲೆ, ರೈಡರ್ ಹಿಂದಕ್ಕೆ ಎಳೆದುಕೊಳ್ಳುವ ಮೊದಲು, ಯಾರ ಕೈ ಮೊದಲು ರೈಡರ್ ಮೈಮೇಲೆ ಬಿತ್ತು? ಅವರಿಗೆ ಒಂದು ಗೀಟು. ಇಬ್ಬರು ಒಟ್ಟಿಗೆ ಬಿದ್ದ ಹಾಗೆ ಕಂಡರೆ ಯಾರಿಗೂ ಇಲ್ಲ. ಹೀಗೆ ನಿಯಮ ಮೊದಲೇ ಬರೆದಿಡದಿದ್ದರೆ ಎಣಿಸುತ್ತಾ ಎಣಿಸುತ್ತಾ ನಮಗೆ ಬೇಕಾದ ಕಡೆ ಗೀಟು ಜಾಸ್ತಿ ಬೀಳುತ್ತದೆ.

ಆ ಎಂಟು ಪಂದ್ಯದಲ್ಲಿ ಲೆಫ್ಟ್ ಕಾರ್ನರ್ ಗೆದ್ದ ಹಿಡಿತ 24. ಅದರಲ್ಲಿ ಎರಡನೇ ಕೈ ಲೆಫ್ಟ್ ಕವರ್‌ದು 15 ಸಲ. ಹತ್ತರಲ್ಲಿ ಆರು. ಮೂರು ಗೊಂದಲದ್ದು, ಅವನ್ನು ಯಾರಿಗೂ ಕೊಡಲಿಲ್ಲ. ಉಳಿದ ಆರು ಬೇರೆ ಬೇರೆಯವರದ್ದು.

ಮೂರರಲ್ಲಿ ಎರಡು ಅಂತ ಹೇಳಿದರೆ ಕಿವಿಗೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ 24ರಲ್ಲಿ ಮೂರನೇ ಎರಡು ಅಂದರೆ 16. ಒಂದು ಕಡಿಮೆ. ವೇದಿಕೆಗೆ ಅಂಕಿಯನ್ನು ದುಂಡಗೆ ಮಾಡುವುದು ಬೇಕು, ಆದರೆ ಕೆಳಕ್ಕೆ ದುಂಡಗೆ ಮಾಡಿದರೆ ಯಾರೂ ಬಂದು ಕೇಳುವುದಿಲ್ಲ. ಮೇಲಕ್ಕೆ ಮಾಡಿದರೆ ತಂಡದೊಳಗೇ ಒಬ್ಬಳು ಕೇಳುತ್ತಾಳೆ. ಮತ್ತೆ ಇದು ಇಡೀ ಸೀಸನ್ನಿನದ್ದಲ್ಲ, ವಿಡಿಯೋ ಸಿಕ್ಕ ಪಂದ್ಯಗಳದ್ದು. ಅದನ್ನು ಒಂದು ಮಾತಿನಲ್ಲಿ ಹೇಳಿಬಿಡಬೇಕು.

ಇನ್ನೊಂದು ಅಂಕಿ ಬಿಡಬೇಕಾಯಿತು. ಅದು ನೋಡಲಿಕ್ಕೆ ಬಹಳ ಚಂದ ಇತ್ತು. ಮೊದಲ ವರ್ಷದ ಹುಡುಗಿಯೊಬ್ಬಳು ಬದಲಿ ಆಟಗಾರ್ತಿಯಾಗಿ ಬಂದು ಡೂ ಆರ್ ಡೈ ರೈಡ್ ಹೋದದ್ದು ಮೂರು ಸಲ. ಎರಡು ಸಲ ಪಾಯಿಂಟ್ ತಂದಳು. ಶೇಕಡಾ 67! ಮೇನ್ ರೈಡರ್‌ಗಿಂತ ಜಾಸ್ತಿ. ತಂಡದ ಗ್ರೂಪಿನಲ್ಲಿ ಒಬ್ಬಳು ಇದನ್ನೇ ಹೇಳು ಅಂತ ಹಠ ಹಿಡಿದಳು. ಮೂರು ಸಲದ ಲೆಕ್ಕಕ್ಕೆ ಶೇಕಡಾ ಹಚ್ಚುವುದು ನನಗೆ ಸರಿ ಕಾಣಲಿಲ್ಲ. ನಾಲ್ಕನೆಯದು ತಪ್ಪಿದ್ದರೆ ಅದೇ 67 ಐವತ್ತಾಗುತ್ತಿತ್ತು. ಕಬಡ್ಡಿ ಗೊತ್ತಿರುವ ಊರು ಇದು. ಮಮತಾ ಪೂಜಾರಿ ಕಾರ್ಕಳದ ಹೆರ್ಮುಂಡೆಯವರು, ಎರಡು ಏಷ್ಯನ್ ಗೇಮ್ಸ್ ಚಿನ್ನ, 2014ರಲ್ಲಿ ಅರ್ಜುನ ಪ್ರಶಸ್ತಿ. ಅವರ ಆಟ ನೋಡಿದ ಜನ ಸಭೆಯಲ್ಲಿ ಕೂತಿರುತ್ತಾರೆ. ಅಂಥವರ ಮುಂದೆ ಮೂರು ರೈಡಿಗೆ ಶೇಕಡಾ ಹೇಳಿದರೆ ಹುಡುಗಿಗೇ ನಗೆಪಾಟಲು.

ಅವಳಿಗೆ ಹೇಳಬೇಕಾದ ಧನ್ಯವಾದ ಬೇರೆಯೇ ಇತ್ತು. ಪ್ರ್ಯಾಕ್ಟೀಸಿನಲ್ಲಿ ಎದುರಾಳಿ ರೈಡರ್ ಆಗಿ ಬಂದು ಬಂದು ಕಾರ್ನರ್‌ಗಳ ಕೈಗೆ ಕಾಲು ಕೊಟ್ಟವಳು ಅವಳೇ. ಇವತ್ತು ನೀನು ಎಡಗಾಲಿನಲ್ಲಿ ಟೋ ಟಚ್ ಮಾಡು ಅಂದರೆ ಎಡಗಾಲು, ಬಲ ಅಂದರೆ ಬಲ. ಸಂಜೆ ಅವಳ ಹಿಮ್ಮಡಿ ಮೇಲೆ ಬೆರಳಿನ ಗುರುತು ಕೆಂಪಗೆ ಎದ್ದಿರುತ್ತಿತ್ತು. ಇದಕ್ಕೆ ಅಂಕಿ ಇಲ್ಲ. ಅಂಕಿ ಇಲ್ಲದೆಯೇ ಹೇಳುವುದು ಅಂತ ಇಟ್ಟುಕೊಂಡೆ.

ಹೀಗೆ ತೂಗಿ ನೋಡಿದ ಮೇಲೆ ಮೂರು ಅಂಕಿ ಉಳಿಯಿತು. ಸೆಕೆಂಡ್ ರೈಡರ್‌ಗೆ ಹತ್ತರಲ್ಲಿ ಒಂಬತ್ತು. ಲೆಫ್ಟ್ ಕವರ್‌ಗೆ ಹತ್ತರಲ್ಲಿ ಆರು. ಮೂರನೆಯದು ನೋಟ್‌ಬುಕ್ ಬರೆದವಳಿಗೆ. ನಮ್ಮದು 490 ರೈಡ್, ಎದುರಾಳಿಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅವಳು ಕೈಯಲ್ಲಿ ಬರೆದದ್ದು ಸಾವಿರದ ಹತ್ತಿರ ಸಾಲು.

ಪಿಡಿ ಸರ್‌ಗೆ ತೋರಿಸಿದೆ. ಅವರು ಓದಿ ಒಂದೇ ಪ್ರಶ್ನೆ ಕೇಳಿದರು. "ಮೇನ್ ರೈಡರ್‌ಗೆ ನಂಬರ್ ಇಲ್ವಾ? ಬೇಜಾರು ಮಾಡಿಕೊಳ್ಳಲಿಕ್ಕಿಲ್ವಾ?"

ನನಗೂ ಆ ಅನುಮಾನ ಇತ್ತು. ಅವಳ ಹತ್ತಿರವೇ ಮಾತಾಡಿದೆ. ಅವಳು ಹೇಳಿದ ಮಾತಿನಿಂದ ಭಾಷಣದ ಒಂದು ಭಾಗ ಸಿಕ್ಕಿತು. "ನಾನು ಎಷ್ಟು ಸಲ ಔಟ್ ಆದೆ ಅಂತ ಬರೆದಿದೆಯಲ್ಲ, ಅದನ್ನು ನೋಡು" ಅಂದಳು. 58 ಸಲ. ಜಾಸ್ತಿ ರೈಡ್ ಹೋಗುವವರು ಜಾಸ್ತಿ ಔಟ್ ಆಗುತ್ತಾರೆ, ಅದು ಸಹಜ. ಆದರೆ ಔಟ್ ಆದವಳು ಹೊರಗೆ ಕೂತಿರುವಾಗ ತನ್ನನ್ನು ತಾನೇ ಒಳಗೆ ತರಲಿಕ್ಕೆ ಆಗುವುದಿಲ್ಲ. ಉಳಿದವರು ಎದುರಾಳಿಯ ಒಬ್ಬರನ್ನು ಔಟ್ ಮಾಡಿದರೆ ನಮ್ಮವರು ಒಬ್ಬರು ಒಳಗೆ. ಮೊದಲು ಔಟ್ ಆದವರು ಮೊದಲು ಒಳಗೆ, ಅದೇ ಸರದಿ. ಬೋನಸ್ ಪಾಯಿಂಟ್‌ಗೆ ಯಾರೂ ಒಳಗೆ ಬರುವುದಿಲ್ಲ. ಹಾಗಾಗಿ ಅವಳ 131ರ ಹಿಂದೆ, ಅವಳನ್ನು ಮತ್ತೆ ಮತ್ತೆ ಒಳಗೆ ಕರೆಸಿದ ಕಾರ್ನರ್, ಕವರ್‌ಗಳ ಹಿಡಿತ ಇದೆ. "ಅದನ್ನು ಹೇಳು. 58 ಅಂತ ಹೇಳಬೇಡ, ಮನೆಯಲ್ಲಿ ತಮಾಷೆ ಮಾಡ್ತಾರೆ" ಅಂದಳು.

ನನ್ನ ಅಂಕಿಯನ್ನು ಹೇಳುವ ಪ್ರಶ್ನೆಯೇ ಇರಲಿಲ್ಲ. ಕ್ಯಾಪ್ಟನ್ ಮೈಕ್ ಹಿಡಿದು ತನ್ನ ಪಾಯಿಂಟ್ ಹೇಳಿದರೆ ಅದು ಧನ್ಯವಾದ ಅಲ್ಲ.

ಕೇಳಿಸಿ ನೋಡಲಿಕ್ಕೆ ಅಮ್ಮ ಸಿಕ್ಕಿದರು. ರಾತ್ರಿ ಊಟ ಆದ ಮೇಲೆ ಅಮ್ಮ ಬೀಡಿ ಕಟ್ಟಲಿಕ್ಕೆ ಕೂರುತ್ತಾರೆ. ಗೆರಸೆ ಮಡಿಲಲ್ಲಿ, ಕತ್ತರಿಸಿದ ಎಲೆ ಒಂದು ಬದಿ, ಹೊಗೆಸೊಪ್ಪು ಒಂದು ಬದಿ. ಕೈ ತನ್ನಷ್ಟಕ್ಕೆ ಓಡುತ್ತದೆ, ಕಿವಿ ಖಾಲಿ ಇರುತ್ತದೆ. ಸಭೆಯಲ್ಲಿ ಅರ್ಧ ಗಮನ ಕೊಟ್ಟು ಕೂರುವವರಿಗೆ ಅಮ್ಮನಿಗಿಂತ ಒಳ್ಳೆಯ ಮಾದರಿ ಇಲ್ಲ. ಅಮ್ಮ ಕಬಡ್ಡಿ ಟಿವಿಯಲ್ಲಿ ನೋಡಿದ್ದಾರೆ, ಅಷ್ಟೆ. ನಾನು ಇಡೀ ಭಾಷಣ ಹೇಳಿದೆ. ಆಮೇಲೆ ನಾನು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನೀರುದೋಸೆ ಹೊಯ್ಯುವಾಗ ಅವರೇ ಕೇಳಿದರು: "ಆ ಹುಡುಗಿ ಹತ್ತರಲ್ಲಿ ಒಂಬತ್ತು ಸಲ ಬಂದಳು ಅಂದೆಯಲ್ಲ, ಇನ್ನೊಂದು ಸಲ ಏನಾಗ್ತದೆ ಅವಳಿಗೆ?"

ನನಗೆ ಅಷ್ಟು ಸಾಕಾಗಿತ್ತು. ಅಂಕಿ ರಾತ್ರಿ ದಾಟಿ ಉಳಿದಿದೆ, ಜೊತೆಗೆ ಒಂದು ಪ್ರಶ್ನೆಯೂ ಹುಟ್ಟಿದೆ. ಅಮ್ಮನಿಗೆ ಸಾವಿರ ಸಾಲೂ ನೆನಪಿತ್ತು. ಹತ್ತರಲ್ಲಿ ಆರು ಮರೆತುಹೋಗಿತ್ತು. ಯಾಕೆ ಅಂತ ಯೋಚಿಸಿದೆ. ಎರಡು "ಹತ್ತರಲ್ಲಿ" ಒಂದರ ಹಿಂದೆ ಒಂದು ಬಂದದ್ದೇ ಕಾರಣ. ಒಂಬತ್ತು ಕೇಳಿದ ಮೇಲೆ ಆರು ಕೇಳಿದರೆ ಆರು ಕಡಿಮೆ ಅನಿಸುತ್ತದೆ. ಇಬ್ಬರ ಕೆಲಸ ಬೇರೆ, ಆದರೆ ಅಂಕಿಯ ವೇಷ ಒಂದೇ ಆದರೆ ಜನ ಹೋಲಿಸಿಯೇ ಹೋಲಿಸುತ್ತಾರೆ. ಹಾಗಾಗಿ ಲೆಫ್ಟ್ ಕವರ್‌ದನ್ನು ಹಾಗೇ ಸಂಖ್ಯೆಯಲ್ಲಿ ಇಟ್ಟೆ: ಇಪ್ಪತ್ತನಾಲ್ಕರಲ್ಲಿ ಹದಿನೈದು. ಎರಡರ ನಡುವೆ ಅಂಕಿಯಿಲ್ಲದ ಹುಡುಗಿಯ ಹಿಮ್ಮಡಿಯ ಮಾತು ಹಾಕಿದೆ.

ಇನ್ನೊಂದು ಸಣ್ಣ ವಿಷಯ, ಮೈಕಿನದ್ದು. ನಮ್ಮ ಕಾರ್ಯಕ್ರಮ ನಡೆಯುವುದು ತೆರೆದ ಮೈದಾನದಲ್ಲಿ. ಎದುರಿನ ಕಟ್ಟಡಕ್ಕೆ ಧ್ವನಿ ಬಡಿದು ವಾಪಸ್ ಬರುತ್ತದೆ. ಅಲ್ಲಿ ಎಪ್ಪತ್ತು ಹೇಳಿದರೂ ಎಂಬತ್ತು ಹೇಳಿದರೂ ಹಿಂದಿನ ಸಾಲಿಗೆ ಒಂದೇ. ಅಂಥ ಅಂಕಿ ಇದ್ದರೆ ಬೇರೆ ರೀತಿಯಲ್ಲಿ ಹೇಳುವುದೇ ಕ್ಷೇಮ. ನನ್ನ ಮೂರರಲ್ಲಿ ಅಂಥದ್ದು ಇರಲಿಲ್ಲ, ಪುಣ್ಯ. ಆದರೆ ಪ್ರತಿ ಅಂಕಿ ಹೇಳಿದ ಮೇಲೆ ಬಾಯಿ ಮುಚ್ಚಿ ನಿಲ್ಲಬೇಕು ಅಂತ ಕಾಗದದಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದೆ. ಅಂಕಿ ಕಿವಿಗೆ ಹೋಗಿ ತಲೆಗೆ ಇಳಿಯಲಿಕ್ಕೆ ಸ್ವಲ್ಪ ಹೊತ್ತು ಬೇಕು. ಅದರ ಮೇಲೆಯೇ ಮುಂದಿನ ಮಾತು ಹೇರಿದರೆ ಎರಡೂ ಹೋಯಿತು.

ಕಾರ್ಯಕ್ರಮದ ದಿನ ಮುಖ್ಯ ಅತಿಥಿಗಳ ಮಾತು ಉದ್ದವಾಯಿತು. ಇದು ಆಗುವುದೇ. ಚೌಕಿಯಲ್ಲಿ ಯಕ್ಷಗಾನದವರು ಬಣ್ಣ ಹಚ್ಚಿ ಕೂತಿದ್ದಾರೆ, ಹಿಂದೆ ಚೆಂಡೆಯ ಶ್ರುತಿ ಸರಿಮಾಡುವ ಸದ್ದು. ನಿರೂಪಕಿ ನನ್ನ ಹತ್ತಿರ ಬಂದು ಕಿವಿಯಲ್ಲಿ "ಎರಡೂವರೆ ನಿಮಿಷ, ಪ್ಲೀಸ್" ಅಂದರು. ಭಾಷಣವನ್ನು ಒಂದೊಂದು ತುಂಡಾಗಿ ಬರೆದದ್ದು ಆಗ ಉಪಕಾರಕ್ಕೆ ಬಂತು. ಒಂದು ತುಂಡು ತೆಗೆದರೆ ಇನ್ನೊಂದು ಬೀಳುವುದಿಲ್ಲ. ಗೆಲುವು ಸೋಲಿನ ಲೆಕ್ಕ ಮೊದಲು ತೆಗೆದೆ, ಪ್ರಾಂಶುಪಾಲರು ಹೇಳಿ ಆಗಿತ್ತು. ಸೀಸನ್ನಿನ ವಿವರಣೆ ತೆಗೆದೆ. ಹೆಸರು ಮಾತ್ರ ಒಂದೂ ಬಿಡಲಿಲ್ಲ. ನಾವು ಹನ್ನೆರಡು ಜನ, ನನ್ನನ್ನು ಬಿಟ್ಟು ಹನ್ನೊಂದು. ಹನ್ನೊಂದು ಹೆಸರು ಹೇಳಲಿಕ್ಕೆ ಅರ್ಧ ನಿಮಿಷ ಸಾಕು.

ಹೇಳಿದ್ದು ಸುಮಾರು ಹೀಗೆ:

"ನಮ್ಮ ತಂಡದಲ್ಲಿ ಟ್ರೋಫಿ ಇಬ್ಬರಿಗೆ ಸಿಕ್ಕಿದೆ. ನಾನು ಉಳಿದವರ ಬಗ್ಗೆ ಎರಡು ಮಾತು ಹೇಳುತ್ತೇನೆ. ಬೆಸ್ಟ್ ರೈಡರ್ ನನಗೆ ಹೇಳಿದ್ದು ಇದನ್ನೇ: ನಾನು ಔಟ್ ಆಗಿ ಹೊರಗೆ ಕೂತಾಗ ನನ್ನನ್ನು ಒಳಗೆ ಕರೆಸಿದವರ ಹೆಸರು ಹೇಳು. ನಮ್ಮ ಸೆಕೆಂಡ್ ರೈಡರ್ ಇಲ್ಲಿದ್ದಾಳೆ. ಮುನ್ನಡೆ ಕಾಪಾಡಬೇಕಾದಾಗ ನಾವು ಕಳಿಸುತ್ತಿದ್ದದ್ದು ಇವಳನ್ನು. ಎದುರು ಏಳು ಜನ ಇರಲಿ, ಹತ್ತು ಸಲ ಹೋದರೆ ಸುಮಾರು ಒಂಬತ್ತು ಸಲ ವಾಪಸ್ ಬಂದಿದ್ದಾಳೆ."

ಅಲ್ಲಿ ನಿಲ್ಲಿಸಿದೆ. ಹಿಂದಿನಿಂದ ಒಂದು ಶಿಳ್ಳೆ ಬಂತು. ಆಮೇಲೆ ಚಪ್ಪಾಳೆ. ಅವಳ ಅಮ್ಮ ಎಲ್ಲಿ ಕೂತಿದ್ದರು ಅಂತ ನನಗೆ ಕಾಣಲಿಲ್ಲ, ಆದರೆ ಅವಳು ಯಾವ ಕಡೆ ತಿರುಗಿದಳು ಅಂತ ಕಂಡಿತು.

"ಮೊದಲ ವರ್ಷದ ಈ ಹುಡುಗಿಯ ಹೆಸರು ಸ್ಕೋರಿನಲ್ಲಿ ಕಡಿಮೆ. ಇವಳ ಹಿಮ್ಮಡಿಯನ್ನು ನಾವು ದಿನಾ ಹಿಡಿದು ಹಿಡಿದು ಕಲಿತೆವು. ಪಂದ್ಯದಲ್ಲಿ ಹಿಡಿದದ್ದು ಆಮೇಲೆ. ಲೆಫ್ಟ್ ಕಾರ್ನರ್ ಟ್ರೋಫಿ ತೆಗೆದುಕೊಂಡಳು. ವಿಡಿಯೋ ಸಿಕ್ಕ ಪಂದ್ಯಗಳನ್ನು ನಾನು ಕೂತು ನೋಡಿದೆ. ಅವಳು ಇಪ್ಪತ್ತನಾಲ್ಕು ಸಲ ರೈಡರನ್ನು ಹಿಡಿದಳು. ಹದಿನೈದು ಸಲ ಪಕ್ಕದಿಂದ ಬಂದ ಎರಡನೇ ಕೈ ಇವಳದು."

ಇಲ್ಲಿ ಯಾರೂ ಹೇಳಿಕೊಡದೆಯೇ ಲೆಫ್ಟ್ ಕಾರ್ನರ್ ತನ್ನ ಟ್ರೋಫಿಯನ್ನು ಪಕ್ಕದವಳ ಕೈಗೆ ಕೊಟ್ಟಳು. ಸಭೆ ನಕ್ಕಿತು. ನನ್ನ ಎರಡೂವರೆ ನಿಮಿಷದಲ್ಲಿ ಹತ್ತು ಸೆಕೆಂಡ್ ಅಲ್ಲಿ ಹೋಯಿತು.

ಉಳಿದ ಹೆಸರುಗಳನ್ನು ಆಡುವ ಜಾಗದ ಜೊತೆ ಹೇಳಿದೆ, ಅಂಕಿಯಿಲ್ಲದೆ. ಕೊನೆಗೆ ನೋಟ್‌ಬುಕ್ ಮೇಲೆತ್ತಿ ತೋರಿಸಿದೆ. "ನಾನು ಹೇಳಿದ್ದು ಇದರಿಂದ. ಒಂದು ರೈಡಿಗೆ ಒಂದು ಸಾಲು. ಸಾವಿರದ ಹತ್ತಿರ ಸಾಲು. ಬರೆದವಳು ಈ ವರ್ಷ ಒಂದು ನಿಮಿಷವೂ ಆಡಲಿಲ್ಲ." ಅವಳ ಹೆಸರು ಹೇಳಿ ಇಳಿದೆ. ಪುಸ್ತಕ ತೋರಿಸಿದ್ದು ಒಳ್ಳೆಯದಾಯಿತು. ಸಾವಿರ ಎನ್ನುವುದು ಬರೀ ಕಿವಿಗೆ ದೊಡ್ಡ ಮಾತು. ಮೂಲೆ ಮಡಚಿ, ಬೆವರಿನ ಕೈಯಿಂದ ಕಪ್ಪಾದ ಪುಸ್ತಕ ಕಣ್ಣಿಗೆ ಕಂಡರೆ ಅದು ಎಷ್ಟು ಅಂತ ಗೊತ್ತಾಗುತ್ತದೆ.

ಉಳಿದ ಎಲ್ಲ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು ಕ್ರೀಡಾ ಕೊಠಡಿಯ ಬೋರ್ಡಿಗೆ ಹಚ್ಚಿದ್ದೆವು. ಆಸಕ್ತಿ ಇರುವವರು ಅಲ್ಲಿ ಬಂದು ನೋಡಬಹುದು. ಬಂದರು ಕೂಡ, ಹೆಚ್ಚಾಗಿ ಹುಡುಗರ ತಂಡದವರು, ತಮ್ಮದಕ್ಕೆ ಹೋಲಿಸಲಿಕ್ಕೆ. ಆ ಹಾಳೆಯಲ್ಲಿ ಖಾಲಿ ರೈಡ್ ಕಾಲಮ್ ಇತ್ತು. ಸೆಕೆಂಡ್ ರೈಡರ್ ಅದಕ್ಕೆ ಬೇಡ ಅನ್ನಲಿಲ್ಲ. ಅಲ್ಲಿ ಬರುವವರಿಗೆ 96 ಅಂದರೆ ಏನು ಅಂತ ಗೊತ್ತು.

ಮುಂದಿನ ವರ್ಷದ ಕ್ಯಾಪ್ಟನ್ ಲೆಫ್ಟ್ ಕಾರ್ನರ್. ನೋಟ್‌ಬುಕ್ಕಿಗೆ "ಎರಡನೇ ಕೈ" ಅಂತ ಹೊಸ ಕಾಲಮ್ ಹಾಕುವ ಅಂತ ಪಿಡಿ ಸರ್ ಹೇಳಿದ್ದಾರೆ. ಬೆಂಚಿನಲ್ಲಿ ಕೂತು, ವಿಡಿಯೋ ಇಲ್ಲದೆ, ಮೂವತ್ತು ಸೆಕೆಂಡಿನ ಒಳಗೆ ಅದನ್ನು ಬರೆಯಲಿಕ್ಕೆ ಆಗುವುದಿಲ್ಲ ಅಂತ ಬರೆಯುವವಳು ಹೇಳುತ್ತಾಳೆ. ಇಬ್ಬರು ಒಟ್ಟಿಗೆ ಬಿದ್ದರೆ ಇಬ್ಬರಿಗೂ ಗೀಟು ಹಾಕಬೇಕು ಅಂತ ಲೆಫ್ಟ್ ಕವರ್ ಹೇಳುತ್ತಾಳೆ. ಯಾರಿಗೂ ಹಾಕಬಾರದು ಅಂತ ನಾನು. ಇನ್ನೂ ತೀರ್ಮಾನ ಆಗಿಲ್ಲ.